ಕಾನ್ಸೆಪ್ಟ್ ನೋಟ್: ಶಾಲೆ ಮಕ್ಕಳ ಕನ್ನಡಕ, ಕೊಟ್ಟ ಮೇಲಿನ ಒಂದು ವರ್ಷ

ಮೇಡಂ, ನಮಸ್ಕಾರ.

ಹೋದ ವಾರ ಫೋನಲ್ಲಿ ಮಾತಾಡ್ದಾಗ, ಪೂರ್ತಿ ಪ್ರಪೋಸಲ್‌ಗಿಂತ ಮುಂಚೆ ಸಮಸ್ಯೆ ಏನು, ಹೇಗೆ ಮಾಡ್ಬೇಕಂತಿದೀರಿ, ದುಡ್ಡು ಅಂದಾಜು ಎಷ್ಟಾಗತ್ತೆ ಅಂತ ಎರಡು ಪುಟದಲ್ಲಿ ಬರೆದು ಕಳಿಸಿ ಅಂದಿದ್ರಿ. ಅದೇ ಇದು. ಒಂದೇ ಉಸಿರಲ್ಲಿ ಹೇಳೋದಾದ್ರೆ, 24 ಸರ್ಕಾರಿ ಶಾಲೆ, ಒಂದರಿಂದ ಹತ್ತನೇ ಕ್ಲಾಸಿನ ಸುಮಾರು 6000 ಮಕ್ಕಳು, 18 ತಿಂಗಳು, ಒಟ್ಟು ಖರ್ಚು ಹತ್ತಿರತ್ತಿರ 18 ಲಕ್ಷ ರೂಪಾಯಿ, ಅದ್ರಲ್ಲಿ ನಿಮ್ಮ ಫೌಂಡೇಶನ್‌ನಿಂದ ಕೇಳ್ತಿರೋದು 15.5 ಲಕ್ಷ.

ಸಮಸ್ಯೆ

ದೂರದ್ದು ಕಾಣದೇ ಇರೋ ಮಗು ನನಗೆ ಕಾಣಲ್ಲ ಅಂತ ಬಂದು ಹೇಳಲ್ಲ, ಯಾಕಂದ್ರೆ ಎಲ್ಲರಿಗೂ ಹೀಗೇ ಕಾಣತ್ತೆ ಅಂತಾನೇ ಅದು ಅಂದ್ಕೊಂಡಿರತ್ತೆ. ಹೋದ ವರ್ಷ ಎರಡು ಶಾಲೆಲಿ ನಾವು ಸಣ್ಣದಾಗಿ ಪೈಲಟ್ ಮಾಡ್ದಾಗ ಐದನೇ ಕ್ಲಾಸಿನ ಒಬ್ಬ ಹುಡುಗಿ ಸಿಕ್ಕಿದ್ಲು, ಓದೋದ್ರಲ್ಲಿ ಮಂದ ಅಂತ ಟೀಚರ್ ರಿಜಿಸ್ಟರಲ್ಲೇ ಬರೆದುಬಿಟ್ಟಿದ್ರು. ಅವಳ ನೋಟ್‌ಬುಕ್ ತೆಗೆದು ನೋಡಿದ್ರೆ ಪಕ್ಕದವಳು ಮಾಡಿದ ತಪ್ಪೆಲ್ಲಾ ಇವಳ ಪುಸ್ತಕದಲ್ಲೂ ಅಕ್ಷರಕ್ಕಕ್ಷರ ಹಾಗೇ ಇತ್ತು. ಬೋರ್ಡ್ ಕಾಣ್ತಾನೇ ಇರ್ಲಿಲ್ಲ ಅವಳಿಗೆ, ಎರಡು ವರ್ಷದಿಂದ ಪಕ್ಕದವಳ ಪುಸ್ತಕ ನೋಡ್ಕೊಂಡೇ ಬರೀತಿದ್ಲು.

ಇದು ಎಲ್ಲೋ ಒಂದು ಕಡೆ ಇರೋ ತೊಂದರೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ ದೃಷ್ಟಿ ವರದಿ ಪ್ರಕಾರ ಪ್ರಪಂಚದಲ್ಲಿ ಕಮ್ಮಿ ಅಂದ್ರೂ 220 ಕೋಟಿ ಜನಕ್ಕೆ ದೃಷ್ಟಿದೋಷ ಇದೆ, ಅದ್ರಲ್ಲಿ ಕನಿಷ್ಠ 100 ಕೋಟಿ ಜನರದ್ದು ತಡೀಬಹುದಾಗಿದ್ದದ್ದು ಇಲ್ಲಾ ಇನ್ನೂ ಸರಿಯಾದ ಚಿಕಿತ್ಸೆ ಸಿಗದೇ ಇರೋದು. ಪವರ್ ಸಮಸ್ಯೆಯಿಂದ ದೂರದ್ದು ಕಾಣದೇ ಇರೋರಲ್ಲಿ ಸರಿಯಾದ ಕನ್ನಡಕ ಸಿಕ್ಕಿರೋದು ಬರೀ 36% ಜನಕ್ಕೆ ಅಂತ ಅದೇ ಸಂಸ್ಥೆ ಹೇಳತ್ತೆ. 2030ರೊಳಗೆ ಇದನ್ನ 40 ಪರ್ಸೆಂಟೇಜ್ ಪಾಯಿಂಟ್ ಏರಿಸ್ಬೇಕು ಅಂತ 2021ರಲ್ಲಿ ಆ ಸಂಸ್ಥೆಯ ಸದಸ್ಯ ದೇಶಗಳು ಒಪ್ಕೊಂಡಿವೆ. ಆ ಗುರಿಲಿ ನನಗೆ ಮುಖ್ಯ ಅನ್ಸೋದು ಒಂದು ಮಾತು: ಎಷ್ಟು ಕನ್ನಡಕ ಹಂಚಿದ್ರಿ ಅನ್ನೋದು ಲೆಕ್ಕಕ್ಕೆ ಬರಲ್ಲ, ಹಾಕ್ಕೊಂಡ ಮೇಲೆ ಆ ಮನುಷ್ಯನಿಗೆ ನೆಟ್ಟಗೆ ಕಾಣ್ತಿದೆಯಾ ಅನ್ನೋದೇ ಲೆಕ್ಕ.

ನಾವು ಸೋತಿದ್ದೂ ಅಲ್ಲೇ, ಅದನ್ನ ಮುಚ್ಚಿಡದೆ ಹೇಳ್ಬೇಕು. ಪೈಲಟ್‌ನಲ್ಲಿ 412 ಮಕ್ಕಳನ್ನ ನೋಡಿದ್ವಿ, 31 ಮಕ್ಕಳಿಗೆ ಕನ್ನಡಕ ಕೊಟ್ವಿ, ಫೋಟೋ ತೆಗೆದ್ವಿ, ವರದಿ ಕಳಿಸಿದ್ವಿ. ಆಗ ದುಡ್ಡು ಕೊಟ್ಟೋರು ಕನ್ನಡಕಕ್ಕೆ ಮಾತ್ರ ಕೊಟ್ಟಿದ್ರು, ಆಮೇಲೆ ಹೋಗಿ ನೋಡೋಕೆ ಏನೂ ಇಟ್ಟಿರ್ಲಿಲ್ಲ. ಆದ್ರೂ ಮನಸ್ಸು ತಡೀದೆ ಮೂರು ತಿಂಗಳಾದ ಮೇಲೆ ಹೇಳ್ದೆ ಕೇಳ್ದೆ ಒಂದು ಮಂಗಳವಾರ ಎರಡೂ ಶಾಲೆಗೆ ಹೋದೆ. 31ರಲ್ಲಿ ಮುಖದ ಮೇಲೆ ಕನ್ನಡಕ ಇದ್ದದ್ದು 12 ಮಕ್ಕಳಿಗೆ. 6 ಬ್ಯಾಗಲ್ಲಿತ್ತು, 5 ಮುರಿದಿತ್ತು, 4 ಕಳೆದುಹೋಗಿತ್ತು, 4 ಮನೇಲಿತ್ತು. ಆ ಐದನೇ ಕ್ಲಾಸಿನ ಹುಡುಗಿದು ಮನೇಲಿತ್ತು. ಮನೆಗೆ ಹೋದ್ರೆ ಅವರಮ್ಮ ಟ್ರಂಕ್ ತೆಗೆದು ಹಳೇ ಸೀರೆ ತುಂಡಲ್ಲಿ ಸುತ್ತಿಟ್ಟಿದ್ದ ಕನ್ನಡಕ ತೋರಿಸಿದ್ರು, ಒಂದು ಗೀರೂ ಇರ್ಲಿಲ್ಲ, ಇಷ್ಟು ಒಳ್ಳೇ ಸಾಮಾನು, ಇವಳ ಕೈಗೆ ಕೊಟ್ರೆ ಒಡೆದಾಕ್ತಾಳೆ ಸರ್, ಅದಕ್ಕೇ ಜೋಪಾನ ಮಾಡಿದೀನಿ ಅಂದ್ರು. ಅವರ ತಪ್ಪೇನಿಲ್ಲ. ದಿನಾ ಹಾಕ್ಬೇಕು, ಮುರಿದ್ರೆ ಇನ್ನೊಂದು ಕೊಡ್ತೀವಿ ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ, ನಾವೂ ಹೇಳಿರ್ಲಿಲ್ಲ.

ಮುರಿದಿದ್ದ ಐದರಲ್ಲಿ ಮೂರು ನಿಜವಾಗಿ ಮುರಿದೇ ಇರ್ಲಿಲ್ಲ, ಕಡ್ಡಿ ಸೇರೋ ಜಾಗದ ಸ್ಕ್ರೂ ಬಿದ್ದುಹೋಗಿತ್ತು ಅಷ್ಟೇ. ಒಬ್ಬ ಹುಡುಗ ದಾರ ಕಟ್ಕೊಂಡು ಎರಡು ವಾರ ತಳ್ಳಿ ಆಮೇಲೆ ಬಿಟ್ಟಿದ್ದ. ಇನ್ನು ಬ್ಯಾಗಲ್ಲಿಟ್ಟೋರೆಲ್ಲಾ ದೊಡ್ಡ ಕ್ಲಾಸಿನೋರು, ಸೋಡಾಬುಡ್ಡಿ ಅಂತ ಕರೀತಾರೆ ಅಂತ.

ಏನು ಮಾಡ್ಬೇಕಂತಿದೀವಿ

ಮೊದಲನೇ ಸುತ್ತಿನ ತಪಾಸಣೆ ಟೀಚರ್‌ಗಳೇ ಮಾಡ್ತಾರೆ, ಒಂದು ಶಾಲೆಯಿಂದ ಇಬ್ಬರು, ಒಟ್ಟು 48 ಜನ, ಎರಡು ದಿನದ ಟ್ರೈನಿಂಗ್. ಕೆಲಸ ಕಷ್ಟದ್ದಲ್ಲ, ಆದ್ರೆ ಸಣ್ಣಸಣ್ಣದ್ರಲ್ಲಿ ಕೈಕೊಡತ್ತೆ. ಅಕ್ಷರದ ಚಾರ್ಟ್ ಇಟ್ರೆ ಸಾಲಲ್ಲಿ ಹಿಂದೆ ನಿಂತಿರೋ ಮಕ್ಕಳು ಕೇಳಿಸ್ಕೊಂಡು ಬಾಯಿಪಾಠ ಮಾಡ್ಬಿಡ್ತಾರೆ, ಅದಕ್ಕೇ ನಾಕೂ ದಿಕ್ಕಿಗೆ ತಿರುಗಿರೋ ಇಂಗ್ಲಿಷ್ E ಅಕ್ಷರದ ಚಾರ್ಟ್ ಬಳಸ್ತೀವಿ, ಒಂದೊಂದೇ ಮಗುನ ಒಳಗೆ ಕರೀತೀವಿ, ಆ E ಕಾಲು ಯಾವ ಕಡೆ ಇದೆ ಅಂತ ಕೈಯಲ್ಲಿ ತೋರಿಸಿದ್ರೆ ಸಾಕು, ಓದೋಕೆ ಬರದ ಒಂದನೇ ಕ್ಲಾಸಿನ ಮಗೂನೂ ಮಾಡತ್ತೆ. 6 ಮೀಟರ್ ದೂರನ ಟೇಪಲ್ಲಿ ಅಳೆದು ನೆಲಕ್ಕೆ ಗೆರೆ ಹಾಕ್ಬೇಕು. ಒಂದೊಂದೇ ಕಣ್ಣು ನೋಡ್ಬೇಕು, ಇನ್ನೊಂದನ್ನ ಅಂಗೈಯಲ್ಲಿ ಮುಚ್ಚಬೇಕು, ಬೆರಳಲ್ಲಿ ಮುಚ್ಚಿದ್ರೆ ಸಂದಿಲಿ ನೋಡ್ತಾರೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂಜಾಗಿರೋ ಮಗು ಎರಡೂ ಕಣ್ಣು ಬಿಟ್ಟು ನೋಡಿದ್ರೆ ಪಾಸ್ ಆಗ್ಬಿಡತ್ತೆ, ಆ ಮಕ್ಕಳೇ ನಮಗೆ ತುರ್ತಾಗಿ ಬೇಕಾಗಿರೋರು, ಯಾಕಂದ್ರೆ ಸೋಮಾರಿ ಕಣ್ಣು ಅಂತೀವಲ್ಲ ಅದಕ್ಕೆ ಏಳೆಂಟು ವರ್ಷದೊಳಗೆ ಚಿಕಿತ್ಸೆ ಶುರುವಾದ್ರೆ ಫಲ ಚೆನ್ನಾಗಿರತ್ತೆ, ತಡ ಆದಷ್ಟೂ ಕಷ್ಟ.

ಚಾರ್ಟಿನ 6/12 ಸಾಲು, ಅಂದ್ರೆ ಚೆನ್ನಾಗಿ ಕಾಣೋರಿಗೆ 12 ಮೀಟರಿಂದಲೇ ಕಾಣೋ ಸಾಲು, 6 ಮೀಟರಿಂದ ಯಾವ ಕಣ್ಣಲ್ಲಾದ್ರೂ ಆಗದೇ ಇರೋರು, ಮೆಳ್ಳೆಗಣ್ಣು ಇರೋರು, ಟೀಚರ್‌ಗೆ ಅನುಮಾನ ಬಂದೋರು, ಎಲ್ಲರನ್ನೂ ಕಣ್ಣಿನ ಪವರ್ ಪರೀಕ್ಷೆ ಮಾಡೋ ಆಪ್ಟೊಮೆಟ್ರಿಸ್ಟ್ ಶಾಲೆಗೇ ಬಂದು ನೋಡ್ತಾರೆ, ಸುಮಾರು 700 ಮಕ್ಕಳಾಗಬಹುದು. ಮಕ್ಕಳ ಕಣ್ಣು ಹತ್ತಿರಕ್ಕೆ ಫೋಕಸ್ ಎಳ್ಕೊಳ್ಳೋದು ಜಾಸ್ತಿ, ಹಾಗಾಗಿ ಬರೀ ಮೆಷಿನ್‌ಗೆ ಕೂರಿಸಿದ್ರೆ ಇಲ್ಲದ ಮೈನಸ್ ಪವರ್ ಬಂದುಬಿಡತ್ತೆ. ಡಾಕ್ಟರ್ ಹೇಳಿದ ಮಕ್ಕಳಿಗೆ ಆ ಫೋಕಸ್ ಸಡಿಲ ಮಾಡೋ ಡ್ರಾಪ್ಸ್ ಹಾಕಿಯೇ ನೋಡೋದು, ಅದಕ್ಕೆ ಅಪ್ಪ ಅಮ್ಮನ ಸಹಿ ತಗೊಳ್ತೀವಿ, ಒಂದು ದಿನ ಹತ್ತಿರದ್ದು ಮಂಜಾಗತ್ತೆ, ಗಾಬರಿ ಆಗ್ಬೇಡಿ ಅಂತ ಮೊದಲೇ ಹೇಳ್ತೀವಿ. ಫ್ರೇಮ್ ಮಗುವೇ ಆರಿಸ್ಕೊಳ್ಳತ್ತೆ, ಎಂಟು ಬಣ್ಣದ್ದು ಮುಂದಿಡ್ತೀವಿ. ಪೈಲಟ್‌ನಲ್ಲಿ ಎಲ್ಲರಿಗೂ ಒಂದೇ ಕಪ್ಪು ಫ್ರೇಮ್ ಕೊಟ್ಟಿದ್ವಿ, ಈಗ ನೆನೆಸ್ಕೊಂಡ್ರೆ ಬೇಜಾರಾಗತ್ತೆ. ಗಾಜು ಬೇಡ, ಚೂರಾಗದ ಪಾಲಿಕಾರ್ಬೊನೇಟ್ ಲೆನ್ಸೇ ಹಾಕಿಸ್ತೀವಿ. ಕನ್ನಡಕ ಕೊಡೋ ದಿನ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಬರ್ಲೇಬೇಕು, ಮಗು ಅವರ ಎದುರಿಗೇ ಕನ್ನಡಕ ಹಾಕ್ಕೊಂಡು ಚಾರ್ಟ್ ಓದತ್ತೆ, ಅದನ್ನ ಕಣ್ಣಾರೆ ನೋಡಿದೋರು ಟ್ರಂಕಲ್ಲಿಡಲ್ಲ ಅನ್ನೋದು ನಮ್ಮ ನಂಬಿಕೆ.

ಇಲ್ಲಿಂದ ಮುಂದಿನದೇ ಅಸಲಿ ಕೆಲಸ. ಕೊಟ್ಟು ಒಂದು, ಮೂರು, ಆರು, ಹನ್ನೆರಡನೇ ತಿಂಗಳಿಗೆ ನಮ್ಮ ಇಬ್ಬರು ಫೀಲ್ಡ್ ಕೋಆರ್ಡಿನೇಟರ್‌ಗಳು ಮುಂಚೆ ತಿಳಿಸ್ದೆ ಶಾಲೆಗೆ ಹೋಗ್ತಾರೆ, ಹೆಸರು ಕೂಗಿ ಯಾರ ಮುಖದ ಮೇಲಿದೆ ಅಂತ ಎಣಿಸ್ತಾರೆ, ಇಲ್ಲದೋರ ಹತ್ರ ಬೇರೆ ಕೂತು ಕಾರಣ ಕೇಳ್ತಾರೆ. ಪ್ರತಿ ಶಾಲೆಲಿ ಒಂದು ರಿಪೇರಿ ಡಬ್ಬ ಇರತ್ತೆ, ಸಣ್ಣ ಸ್ಕ್ರೂ ಡ್ರೈವರ್, ಸ್ಕ್ರೂ, ನೋಸ್ ಪ್ಯಾಡ್, ಒರೆಸೋ ಬಟ್ಟೆ. ಇಬ್ಬರು ಟೀಚರ್‌ಗಳ ಜೊತೆ ಎಂಟು, ಒಂಬತ್ತನೇ ಕ್ಲಾಸಿನ ಮೂರ್ನಾಕು ಮಕ್ಕಳಿಗೂ ಸ್ಕ್ರೂ ಹಾಕೋದು ಕಲಿಸ್ತೀವಿ, ಕನ್ನಡಕ ಹಾಕ್ಕೊಳ್ಳೋ ಮಕ್ಕಳನ್ನೇ ಅದಕ್ಕೆ ಆರಿಸ್ತೀವಿ, ರಿಪೇರಿ ಮಾಡೋ ಅಣ್ಣ ಅಕ್ಕನ್ನ ಸೋಡಾಬುಡ್ಡಿ ಅಂತ ಯಾರೂ ಸುಲಭಕ್ಕೆ ಕರೆಯಲ್ಲ. ಕಳೆದ್ರೆ, ಪೂರ್ತಿ ಮುರಿದ್ರೆ ಬೈಯದೆ ಒಂದು ಸಲ ಹೊಸದು ಕೊಡ್ತೀವಿ. ಒಂದು ವರ್ಷಕ್ಕೆ ಪವರ್ ಮತ್ತೆ ನೋಡ್ತೀವಿ, ಬೆಳೆಯೋ ಮಕ್ಕಳಲ್ಲಿ ಅದು ಬದಲಾಗ್ತಾನೇ ಇರತ್ತೆ.

ಯಶಸ್ಸು ಅಂತ ನಾವು ಅಳೆಯೋದು ಒಂದೇ ನಂಬರ್: ಆರನೇ ತಿಂಗಳ ಹೇಳ್ದೇ ಹೋದ ಭೇಟಿಲಿ ಎಷ್ಟು ಮಕ್ಕಳ ಮುಖದ ಮೇಲೆ ಕನ್ನಡಕ ಇತ್ತು. ಪೈಲಟ್‌ನಲ್ಲಿ ಮೂರನೇ ತಿಂಗಳಿಗೇ 31ಕ್ಕೆ 12 ಇತ್ತು. ಈ ಸಲ 100ಕ್ಕೆ 65 ಅಂತ ಗುರಿ ಇಟ್ಕೊಂಡಿದೀವಿ, 90 ಅಂತ ಬರೀಬಹುದಿತ್ತು, ಆದ್ರೆ ಆಗದೇ ಇರೋದನ್ನ ನಿಮಗೆ ಬರೆದುಕೊಡೋಕೆ ನಮಗೆ ಇಷ್ಟ ಇಲ್ಲ.

ಅಂದಾಜು ಬಜೆಟ್

ಇಬ್ಬರು ಕೋಆರ್ಡಿನೇಟರ್‌ಗಳ 18 ತಿಂಗಳ ಸಂಬಳ, ತಿಂಗಳಿಗೆ 18,000ದ ಹಾಗೆ, 6.5 ಲಕ್ಷ.
ಆಪ್ಟೊಮೆಟ್ರಿಸ್ಟ್ 100 ದಿನ, ದಿನಕ್ಕೆ 3,000, ಒಟ್ಟು 3 ಲಕ್ಷ.
ಕನ್ನಡಕ 650, ಅಂದ್ರೆ ಮೊದಲ ಸಲ 450, ಬದಲಿಗೆ 200, ಒಂದಕ್ಕೆ 350ರ ಹಾಗೆ 2.3 ಲಕ್ಷ.
ಓಡಾಟ 2.2 ಲಕ್ಷ.
ಟೀಚರ್ ಟ್ರೈನಿಂಗ್ 1 ಲಕ್ಷ.
ಚಾರ್ಟ್, ಟ್ರಯಲ್ ಲೆನ್ಸ್ ಸೆಟ್, ರಿಪೇರಿ ಡಬ್ಬ ಎಲ್ಲಾ ಸೇರಿ 90 ಸಾವಿರ.
ಕಣ್ಣಾಸ್ಪತ್ರೆಗೆ ಕಳಿಸ್ಬೇಕಾದ ಸುಮಾರು 40 ಮಕ್ಕಳ ಪ್ರಯಾಣ, ಅಪ್ಪ ಅಮ್ಮನ ಒಂದು ದಿನದ ಕೂಲಿ ನಷ್ಟ, 80 ಸಾವಿರ.
ಆಫೀಸು, ಲೆಕ್ಕ, ಆಡಿಟ್ 1.3 ಲಕ್ಷ.

ಕೂಡಿದ್ರೆ 18 ಲಕ್ಷ. ಇದ್ರಲ್ಲಿ 2.5 ಲಕ್ಷ ನಮ್ಮ ಟ್ರಸ್ಟ್ ಹಾಕತ್ತೆ, ಅದು ಕೈಲಿದೆ.

ಕನ್ನಡಕಕ್ಕಿಂತ ಸಂಬಳವೇ ಹತ್ತಿರತ್ತಿರ ಮೂರು ಪಟ್ಟು ಇದೆಯಲ್ಲ ಅಂತ ನಿಮ್ಮ ಬೋರ್ಡಲ್ಲಿ ಕೇಳೇ ಕೇಳ್ತಾರೆ. ನಮ್ಮ ಉತ್ತರ ಮೇಲಿನ ಆ 12 ಮಕ್ಕಳು. ಎಲ್ಲಾದ್ರೂ ಕಮ್ಮಿ ಮಾಡ್ಲೇಬೇಕು ಅಂತಾದ್ರೆ ಶಾಲೆಗಳನ್ನ 24ರಿಂದ 16ಕ್ಕೆ ಇಳಿಸಿ ಮೇಡಂ, ಆಮೇಲಿನ ಭೇಟಿಗಳನ್ನ ಮಾತ್ರ ಕತ್ತರಿಸ್ಬೇಡಿ.

ಇನ್ನೂ ಗಟ್ಟಿ ಆಗ್ಬೇಕಾದ್ದು ಎರಡಿದೆ. 24ರಲ್ಲಿ 17 ಶಾಲೆಗಳ ಹೆಡ್‌ಮಾಸ್ಟರ್‌ಗಳು ಬಾಯಿಮಾತಲ್ಲಿ ಒಪ್ಪಿದಾರೆ, ಇಲಾಖೆಯ ಅನುಮತಿ ಪತ್ರ ಬಂದ ಮೇಲೇ ಶುರು ಮಾಡೋದು. ಇನ್ನೊಂದು, ಪರೀಕ್ಷೆ ಮತ್ತೆ ರಜೆ ತಿಂಗಳಲ್ಲಿ ಭೇಟಿ ಆಗಲ್ಲ, ಆದ್ರಿಂದ ಶಾಲೆ ಶುರುವಾಗೋ ತಿಂಗಳಿಗೇ ಪ್ರಾಜೆಕ್ಟ್ ಶುರುವಾಗೋದು ತುಂಬಾ ಮುಖ್ಯ, ನಿಮ್ಮ ಹಣಕಾಸು ವರ್ಷಕ್ಕೆ ಇದು ಹೊಂದತ್ತಾ ಅಂತ ತಿಳಿಸಿ. ನಿಮಗೆ ಸರಿ ಅನ್ಸಿದ್ರೆ ಮೂರು ವಾರದಲ್ಲಿ ಪೂರ್ತಿ ಪ್ರಪೋಸಲ್, ಶಾಲೆಗಳ ಪಟ್ಟಿ, ತಿಂಗಳವಾರು ಬಜೆಟ್, ಪೈಲಟ್‌ನ 31 ಮಕ್ಕಳ ಫಾಲೋಅಪ್ ಶೀಟ್ ಹೆಸರು ತೆಗೆದು ಕಳಿಸ್ತೀವಿ.

ಆ ಹುಡುಗಿ ಈಗ ಆರನೇ ಕ್ಲಾಸು, ಮೂರನೇ ಬೆಂಚಲ್ಲಿ ಕೂರ್ತಾಳೆ. ನೀವು ಬರೋದಾದ್ರೆ ಆ ಶಾಲೆಗೇ ಕರ್ಕೊಂಡು ಹೋಗ್ತೀನಿ.

ವಂದನೆಗಳೊಂದಿಗೆ,
ಪ್ರಾಜೆಕ್ಟ್ ಕೋಆರ್ಡಿನೇಟರ್, ಟ್ರಸ್ಟ್‌ನ ಪರವಾಗಿ