ವಾರ್ಫರಿನ್ ಮಾತ್ರೆಯ ಚೀಟಿ: ಸಿಂಧನೂರಿನ ದೊಡ್ಡಪ್ಪನವರಿಗೆ

ದೊಡ್ಡಪ್ಪನವರಿಗೆ ನಮಸ್ಕಾರಗಳು.

ನೀವು ಫೋಟೋ ತೆಗೆದು ಕಳಿಸಿದ ಚೀಟಿಯನ್ನು ಹಿಗ್ಗಿಸಿಕೊಂಡು ಪೂರ್ತಿ ಓದಿದೆ. ಇದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ.

ಪುಂಡಿಪಲ್ಯ, ಮೆಂತ್ಯ, ಪಾಲಕ್, ನುಗ್ಗೆಸೊಪ್ಪುಗಳಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಹಾಗೆಂದು ಸೊಪ್ಪನ್ನೇ ಬಿಡಬೇಡಿ; ಒಂದು ವಾರ ದಿನವೂ ಉಂಡು ಮರುವಾರ ಮುಟ್ಟದಿದ್ದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಐಎನ್‌ಆರ್ ಅಂಕಿ ಏರುಪೇರಾಗುವುದರಿಂದ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉಣ್ಣಿರಿ. ಮದ್ಯ ಬೇಡ. ಮೊಣಕಾಲು ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್ ತರಿಸುವ ನಿಮ್ಮ ರೂಢಿಯೇ ನನಗೆ ಹೆಚ್ಚಿನ ಚಿಂತೆ, ಏಕೆಂದರೆ ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ನಾಟಿ ಔಷಧಿಯನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಸಂಜೆಯ ಮಾತ್ರೆ ಮರೆತು ಅದೇ ರಾತ್ರಿ ನೆನಪಾದರೆ ಆಗಲೇ ನುಂಗಿರಿ. ಮರುದಿನ ನೆನಪಾದರೆ ಅದನ್ನು ಬಿಟ್ಟು, ಆ ದಿನದ್ದನ್ನು ಮಾತ್ರ ಎಂದಿನ ಹೊತ್ತಿಗೆ ತೆಗೆದುಕೊಳ್ಳಿರಿ. ಎರಡನ್ನು ಒಟ್ಟಿಗೆ ಎಂದಿಗೂ ನುಂಗಬಾರದು. ಮರೆತ ದಿನವನ್ನು ದೊಡ್ಡಮ್ಮನವರು ಪಂಚಾಂಗದ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ, ಮುಂದಿನ ಪರೀಕ್ಷೆಯ ದಿನ ವೈದ್ಯರಿಗೆ ತಿಳಿಸಬೇಕಾಗುತ್ತದೆ.

ಒಸಡಿನಲ್ಲಿ ಮತ್ತೆ ಮತ್ತೆ ರಕ್ತ ಬಂದರೆ, ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟಿದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ 10 ನಿಮಿಷ ಒತ್ತಿಹಿಡಿದರೂ ನಿಲ್ಲದಿದ್ದರೆ, ತಡೆಯಲಾಗದ ತಲೆನೋವು ಬಂದರೆ, ಮಾತು ತೊದಲಿದರೆ, ಅಥವಾ ಬಿದ್ದು ತಲೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ಸರಿಯೇ, ಬೆಳಗಾಗಲಿ ಎನ್ನದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಿರಿ, ಈ ಚೀಟಿಯನ್ನೂ ಜೊತೆಗೆ ಒಯ್ಯಿರಿ.