ಬಿರುಗಾಳಿಯ ಹಾನಿ ಮತ್ತು ಸರಕಿನ ವಿಳಂಬದ ಕುರಿತು ಮಾಲೀಕರಿಗೆ ವರದಿ

ಎಂ.ವಿ. ಸಾಗರಧಾರೆ
ಗೆಬೆರಾ ಬಂದರು, ದಕ್ಷಿಣ ಆಫ್ರಿಕಾ
ಜುಲೈ 19

ಹಡಗಿನ ಮಾಲೀಕರಿಗೆ,

ಮಾನ್ಯರೇ,

ವಿಷಯ: ಕಾಕಿನಾಡ–ಅಬಿಜಾನ್ ಪಯಣ, ಜುಲೈ 16ರ ಬಿರುಗಾಳಿಯಲ್ಲಿ ಹಡಗಿಗೆ ಆದ ಹಾನಿ, ಸರಕು ತಲುಪುವಲ್ಲಿ ವಿಳಂಬ.

ಎಲ್ಲಕ್ಕಿಂತ ಮೊದಲು, ಹಡಗಿನ ಸಿಬ್ಬಂದಿಯೆಲ್ಲರೂ ಸುರಕ್ಷಿತವಾಗಿದ್ದಾರೆ. ಒಬ್ಬ ನಾವಿಕನ ಮಣಿಕಟ್ಟು ಉಳುಕಿದೆ. ಇಲ್ಲಿನ ವೈದ್ಯರು ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿದ್ದಾರೆ. ಸಮುದ್ರಕ್ಕೆ ತೈಲ ಸೋರಿಲ್ಲ, ಮುಖ್ಯ ಇಂಜಿನ್ ಮತ್ತು ಚುಕ್ಕಾಣಿ ಸರಿಯಾಗಿವೆ. 16ರ ರಾತ್ರಿ ಫೋನಿನಲ್ಲಿ ಚುಟುಕಾಗಿ ತಿಳಿಸಿದ್ದನ್ನು ಈಗ ವಿವರವಾಗಿ ಬರೆಯುತ್ತಿದ್ದೇನೆ.

ನೈಋತ್ಯದ ಬಿರುಗಾಳಿಯ ಎಚ್ಚರಿಕೆ 15ರ ಮಧ್ಯಾಹ್ನವೇ ಬಂದಿತ್ತು. ಈ ತೀರದಲ್ಲಿ ಅಗುಲ್ಹಾಸ್ ಪ್ರವಾಹ ನೈಋತ್ಯದತ್ತ ಹರಿಯುತ್ತದೆ, ಚಳಿಗಾಲದ ಗಾಳಿ ಅದಕ್ಕೆ ಎದುರಾಗಿ ಬೀಸುತ್ತದೆ. ಎರಡೂ ಮುಖಾಮುಖಿಯಾದಾಗ ಅಲೆಗಳ ನಡುವಿನ ಅಂತರ ಕುಗ್ಗಿ, ಅವು ಗೋಡೆಯಂತೆ ಕಡಿದಾಗಿ ಏಳುತ್ತವೆ. ಭೂಖಂಡದ ಅಂಚಿನಲ್ಲಿ, 200 ಮೀಟರ್ ಆಳದ ರೇಖೆಯಿಂದ ಹೊರಗೆ, ಪ್ರವಾಹ ಬಿರುಸಾಗಿರುವಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಗಾಳಿ ತಿರುಗುವ ಮೊದಲೇ ಆ ರೇಖೆಯನ್ನು ದಾಟಿ ತೀರದ ಕಡೆಗೆ ಸರಿದೆವು. ಡೆಕ್ಕಿನ ಮೇಲಿನ ವಸ್ತುಗಳನ್ನೆಲ್ಲ ಬಿಗಿದು, ಲಂಗರುಗಳಿಗೆ ಹೆಚ್ಚುವರಿ ಕಟ್ಟು ಹಾಕಿ, ಹೋಲ್ಡುಗಳ ಗಾಳಿಕಿಂಡಿಗಳನ್ನು ಮುಚ್ಚಿದೆವು. 16ರ ಬೆಳಗಿನ ಜಾವದಿಂದ ಇಂಜಿನ್ನಿನ ವೇಗ ತಗ್ಗಿಸಿ, ಅಲೆಗೆ ಮುಖ ಕೊಟ್ಟು, ಚುಕ್ಕಾಣಿ ಹಿಡಿತದಲ್ಲಿರುವಷ್ಟು ಮಾತ್ರ ಮುಂದುವರಿದೆವು.

ಆಗ ಗಾಳಿ ಬ್ಯೂಫರ್ಟ್ ಮಾಪಕದಲ್ಲಿ 9, ಆಗಾಗ 10ರಷ್ಟಿತ್ತು. ಅಲೆಗಳು ಏಳೆಂಟು ಮೀಟರ್. ಅಷ್ಟನ್ನು ಹಡಗು ಚೆನ್ನಾಗಿಯೇ ತಾಳಿಕೊಳ್ಳುತ್ತಿತ್ತು. 8 ಗಂಟೆ 20 ನಿಮಿಷಕ್ಕೆ, ಸೇಂಟ್ ಫ್ರಾನ್ಸಿಸ್ ಭೂಶಿರದ ದಕ್ಷಿಣಕ್ಕೆ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿ, ಮುಂದಿನ ನೀರು ಒಮ್ಮೆಲೇ ತಗ್ಗಿತು. ಹಡಗಿನ ಮೂತಿ ಆ ಹಳ್ಳಕ್ಕೆ ಇಳಿಯಿತು, ಮತ್ತೆ ಮೇಲೇಳುವ ಮೊದಲೇ ಉಳಿದವುಗಳಿಗಿಂತ ಬಹಳ ಎತ್ತರದ ಅಲೆಯೊಂದು ಅದರ ಮೇಲೆ ಬಿದ್ದಿತು. ಬ್ರಿಡ್ಜಿನಿಂದ ನೋಡಿದರೆ ಒಂದನೇ ಕ್ರೇನಿನವರೆಗೆ ಡೆಕ್ ಕಾಣಿಸುತ್ತಲೇ ಇರಲಿಲ್ಲ, ಬರೀ ನೀರು.

ಒಂದನೇ ಹ್ಯಾಚಿನ ಮುಂದಿನ ಮುಚ್ಚಳದ ಫಲಕ ಬಲಬದಿಯಲ್ಲಿ ಒಳಕ್ಕೆ ಬಾಗಿದೆ. ಆ ಬದಿಯ ನಾಲ್ಕು ಕ್ಲೀಟುಗಳು ಮುರಿದಿವೆ, ರಬ್ಬರ್ ಪಟ್ಟಿ ಎರಡು ಮೀಟರಿನಷ್ಟು ಕಿತ್ತುಬಂದಿದೆ. ಬೋಸನ್ ಉಗ್ರಾಣದ ಗಾಳಿಕೊಳವೆಯ ತಲೆ ಬುಡಸಮೇತ ಹಾರಿಹೋದ್ದರಿಂದ ಉಗ್ರಾಣಕ್ಕೆ ನೀರು ನುಗ್ಗಿ, ಹಗ್ಗ, ಬಣ್ಣ, ವಿದ್ಯುತ್ ಪೆಟ್ಟಿಗೆ ಎಲ್ಲವೂ ಹಾಳಾದವು. ಲಂಗರು ಯಂತ್ರದ ಬಲಬದಿಯ ಮೋಟಾರಿಗೂ ನೀರು ಹೊಕ್ಕಿದೆ. ಕಟಕಟೆ ಬಾಗಿರುವುದು, ಬಲಬದಿಯ ಏಣಿ ಕೊಚ್ಚಿಹೋಗಿರುವುದು ಮುಂತಾದ ಸಣ್ಣಪುಟ್ಟ ಹಾನಿಯನ್ನು ಫೋಟೋಗಳ ಜೊತೆಗಿನ ಪಟ್ಟಿಯಲ್ಲಿ ನಮೂದಿಸಿದ್ದೇನೆ.

ನನಗೆ ಹೆಚ್ಚು ಚಿಂತೆ ತಂದದ್ದು ಒಂದನೇ ಹೋಲ್ಡ್. ಅದರ ಬಿಲ್ಜ್ ಬಾವಿಯಲ್ಲಿ ಬೆಳಗ್ಗೆ 4 ಸೆಂಟಿಮೀಟರ್ ಇದ್ದ ನೀರು ಎರಡು ಗಂಟೆಗಳಲ್ಲಿ 62ಕ್ಕೆ ಏರಿತು. ಪಂಪು ಹಾಕಿದರೆ ಇಳಿಯುವುದು, ನಿಲ್ಲಿಸಿದರೆ ಮತ್ತೆ ಏರುವುದು. ಎದುರಲೆಯಲ್ಲಿ ಮುಂದುವರಿದಷ್ಟೂ ಬಾಗಿದ ಮುಚ್ಚಳದ ಮೇಲೆ ನೀರು ಬೀಳುತ್ತಲೇ ಇರುತ್ತಿತ್ತು. ಗಾಳಿ ಸ್ವಲ್ಪ ತಗ್ಗಿದಾಗ, 11 ಗಂಟೆ 40 ನಿಮಿಷಕ್ಕೆ, ಅಲೆಗಳ ನಡುವಿನ ಬಿಡುವು ನೋಡಿ ಹಡಗನ್ನು ತಿರುಗಿಸಿದೆ. ನೈಋತ್ಯದ ಗಾಳಿಗೆ ಮರೆಯಾಗಿರುವ ಅಲ್ಗೋವಾ ಕೊಲ್ಲಿಯಲ್ಲಿ ಅದೇ ರಾತ್ರಿ ಎಡಬದಿಯ ಲಂಗರು ಹಾಕಿದೆವು. ಹಡಗು ತಿರುಗಿದ ಮೇಲೆ ಚೀಫ್ ಆಫೀಸರ್ ಮತ್ತು ಬೋಸನ್ ಸುರಕ್ಷಾ ಹಗ್ಗ ಕಟ್ಟಿಕೊಂಡು ಮುಂದಕ್ಕೆ ಹೋಗಿ, ಗಾಳಿಕೊಳವೆಯ ತೂತಿಗೆ ಮರದ ಬಿರಡೆ ಜಡಿದು, ಹ್ಯಾಚಿಗೆ ಟಾರ್ಪಾಲು ಬಿಗಿದು ಬಂದರು. ಹೋಲ್ಡಿನ ಬಹುಪಾಲು ಅಕ್ಕಿ ಒಣದಾಗಿ ಉಳಿದಿದ್ದರೆ ಅದು ಇವರಿಬ್ಬರಿಂದ. ಅವರ ಸೇವಾ ದಾಖಲೆಯಲ್ಲಿ ಇದನ್ನು ಬರೆಯಿಸಬೇಕೆಂದು ಕೋರುತ್ತೇನೆ.

18ರಂದು ಬರ್ತಿಗೆ ಬಂದು ಮುಚ್ಚಳ ತೆರೆದೆವು. ಕುಸುಬಲಕ್ಕಿಯ 50 ಕಿಲೋ ಚೀಲಗಳ ಮೇಲಿನ ಸಾಲುಗಳು ಬಲಬದಿಯ ಮೂಲೆಯಲ್ಲಿ ನೆನೆದು ಕಪ್ಪಾಗಿವೆ. ಒಂದು ಚೀಲದೊಳಗೆ ಕೈ ಹಾಕಿದೆ. ಅಕ್ಕಿ ಬೆಚ್ಚಗಿತ್ತು, ಹುಳಿ ವಾಸನೆ ಆಗಲೇ ಹಿಡಿದಿತ್ತು. ಸರ್ವೇಯರ್ ಸಿಲ್ವರ್ ನೈಟ್ರೇಟ್ ಹನಿಸಿದ ಕೂಡಲೇ ನೀರು ಹಾಲಿನಂತೆ ಬೆಳ್ಳಗಾಯಿತು; ಅದು ಉಪ್ಪುನೀರೇ, ಹೋಲ್ಡಿನೊಳಗಿನ ಬೆವರಲ್ಲ. ನೆನೆದ ಚೀಲಗಳು ಸುಮಾರು 1,800, ಅಂದರೆ 90 ಟನ್ನಿನಷ್ಟು ಎಂಬುದು ಸದ್ಯದ ಅಂದಾಜು. ಅಡಿಯ ಸಾಲುಗಳನ್ನು ತೆಗೆದು ನೋಡಿದ ಮೇಲೆ ಈ ಲೆಕ್ಕ ಬದಲಾಗಬಹುದು. ಉಳಿದ ನಾಲ್ಕು ಹೋಲ್ಡುಗಳಿಗೆ ನೀರು ಹೊಕ್ಕಿಲ್ಲ.

ಕಾಗದಪತ್ರಗಳ ಮಟ್ಟಿಗೆ, ನೋಟರಿಯ ಮುಂದೆ ಸಮುದ್ರ ಪ್ರತಿಭಟನಾ ಹೇಳಿಕೆಯನ್ನು 18ರಂದೇ ದಾಖಲಿಸಿದ್ದೇನೆ. ಅದನ್ನು ವಿಸ್ತರಿಸುವ ಹಕ್ಕನ್ನೂ ಕಾಯ್ದಿರಿಸಿದೆ. ವಿ.ಡಿ.ಆರ್. ದತ್ತಾಂಶ ಅಳಿಯುವ ಮೊದಲೇ ಉಳಿಸಿಟ್ಟಿದ್ದೇವೆ. ಕಾಕಿನಾಡದಿಂದ ಹೊರಡುವ ಮುನ್ನ ನಡೆದ ಹ್ಯಾಚ್ ಮುಚ್ಚಳಗಳ ಅಲ್ಟ್ರಾಸೋನಿಕ್ ಪರೀಕ್ಷೆಯ ವರದಿಯನ್ನು ದಯವಿಟ್ಟು ಜೋಪಾನವಾಗಿಡಿ. ಹಡಗು ಹೊರಟಾಗ ಸುಸ್ಥಿತಿಯಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ಹಡಗು ತಿರುಗಿದ ಹೊತ್ತು, ಸ್ಥಾನ, ಆಗಿನ ಇಂಧನದ ಮಟ್ಟ, ಲಂಗರು ಹಾಕಿದಾಗಿನ ಮಟ್ಟ, ಎಲ್ಲವೂ ಲಾಗ್ ಪುಸ್ತಕದಲ್ಲಿವೆ. ಬಾಡಿಗೆದಾರರ ಜೊತೆಗಿನ ಲೆಕ್ಕಕ್ಕೆ ಅವು ಬೇಕಾಗುತ್ತವೆ. ಹಡಗು ಮತ್ತು ಸರಕು ಎರಡರ ಸುರಕ್ಷತೆಗಾಗಿ ಆಶ್ರಯ ಬಂದರಿಗೆ ಬಂದಿರುವುದರಿಂದ ಜನರಲ್ ಆವರೇಜ್ ಘೋಷಿಸಬೇಕೇ ಎಂಬುದನ್ನು ಸರಕು ಇಳಿಯುವ ಮೊದಲೇ ತಜ್ಞರಲ್ಲಿ ವಿಚಾರಿಸಿರಿ. ಸರಕುದಾರರ ಕಡೆಯವರು ಹಡಗಿಗೆ ಬಂದರೆ ನಿಮ್ಮ ಅನುಮತಿ ಇಲ್ಲದೆ ಯಾರೂ ಹೇಳಿಕೆ ಕೊಡಕೂಡದೆಂದು ಸಿಬ್ಬಂದಿಗೆ ತಿಳಿಸಿದ್ದೇನೆ.

ಫಲಕ ನೇರಗೊಳಿಸಿ, ಕ್ಲೀಟು ಮತ್ತು ರಬ್ಬರ್ ಬದಲಾಯಿಸಿ, ಗಾಳಿಕೊಳವೆ ಬೆಸೆದು, ಮೋಟಾರ್ ಒಣಗಿಸಿ ಅದರ ತಂತಿ ಮತ್ತೆ ಸುತ್ತಲು ಐದು ದಿನ ಬೇಕು. ನೆನೆದ ಚೀಲ ಬೇರ್ಪಡಿಸಿ ಇಳಿಸುವ ಕೆಲಸವೂ ಜೊತೆಯಲ್ಲೇ ಸಾಗುತ್ತದೆ. ಎಲ್ಲ ಅಂದುಕೊಂಡಂತೆ ನಡೆದರೆ 25ರ ಸಂಜೆ ಹೊರಟು, ಆಗಸ್ಟ್ 5ರ ಸುಮಾರಿಗೆ ಅಬಿಜಾನ್ ತಲುಪಬಹುದು. ಮೊದಲು ಹೇಳಿದ್ದು ಜುಲೈ 27. ಅಂದರೆ ಒಂಬತ್ತು ದಿನ ತಡ.

ಟಾರ್ಪಾಲು ಮತ್ತು ಅಂಟುಪಟ್ಟಿಯ ತಾತ್ಕಾಲಿಕ ರಿಪೇರಿಯಲ್ಲಿ ಈಗಲೇ ಹೊರಡಲಾಗದೇ ಎಂಬ ಪ್ರಶ್ನೆ ಬಾಡಿಗೆದಾರರ ಕಡೆಯಿಂದ ಬಂದಿದೆ. ನನ್ನ ಉತ್ತರ ಇಲ್ಲವೆಂದೇ. ಅಗುಲ್ಹಾಸ್ ಭೂಶಿರವನ್ನು ಇನ್ನೂ ಸುತ್ತಬೇಕಾಗಿದೆ, ಈ ಋತುವಿನಲ್ಲಿ ಒಂದರ ಹಿಂದೊಂದು ಶೀತ ಮಾರುತ ಬರುತ್ತದೆ. ಬಾಗಿದ ಮುಚ್ಚಳದಡಿ ಸಾವಿರಾರು ಟನ್ ಅಕ್ಕಿ ಇದೆ, ಆ ಡೆಕ್ಕಿನ ಮೇಲೆ ಕೆಲಸ ಮಾಡುವವರು ನನ್ನ ಹುಡುಗರು. ವರ್ಗೀಕರಣ ಸಂಸ್ಥೆಯ ಸರ್ವೇಯರ್ ನೀರು ಹಾಯಿಸಿ ಪರೀಕ್ಷಿಸಿ ಸಹಿ ಹಾಕುವವರೆಗೆ ನಾನು ಹಡಗನ್ನು ಹೊರಡಿಸುವುದಿಲ್ಲ. ಈ ನಿರ್ಧಾರದಲ್ಲಿ ನೀವು ನನ್ನ ಬೆನ್ನಿಗಿರುವಿರಿ ಎಂದು ನಂಬಿದ್ದೇನೆ.

ರಿಪೇರಿಯ ದರಪಟ್ಟಿ ಇದರೊಂದಿಗಿದೆ. ನಾಳೆ ಬೆಳಗ್ಗೆಯೇ ಬೆಸುಗೆ ಆರಂಭವಾಗಬೇಕಾದರೆ ಇಂದು ರಾತ್ರಿಯೊಳಗೆ ಒಪ್ಪಿಗೆ ಬೇಕು. ನೆನೆದ ಅಕ್ಕಿಯನ್ನು ಇಲ್ಲಿಯೇ ವಿಲೇವಾರಿ ಮಾಡಲು ಸರಕುದಾರರ ಲಿಖಿತ ಸಮ್ಮತಿಯನ್ನೂ ಪಿ ಅಂಡ್ ಐ ಕ್ಲಬ್ಬಿನ ಮೂಲಕ ದೊರಕಿಸಿಕೊಡಿ. ಅದಿಲ್ಲದೆ ಒಂದು ಚೀಲವನ್ನೂ ಬಂದರಿನಿಂದ ಹೊರಗೆ ಬಿಡುವಂತಿಲ್ಲ. ಪ್ರತಿದಿನ ಸಂಜೆ ಕೆಲಸದ ಪ್ರಗತಿಯನ್ನು ತಿಳಿಸುತ್ತೇನೆ.

ತಮ್ಮ ವಿಶ್ವಾಸಿ,
ಕ್ಯಾಪ್ಟನ್, ಎಂ.ವಿ. ಸಾಗರಧಾರೆ