ಕೆರೆ ಶಾಸನ ಮತ್ತು ಕೆರೆ ಅಳತೆ: ಜಂಟಿ ಕಾರ್ಯಾಗಾರಕ್ಕೆ ಪ್ರಸ್ತಾವ

ಮೇಡಂ, ನಮಸ್ಕಾರ.

ನಮ್ಮ ಇತಿಹಾಸ ವಿಭಾಗದ ಮಕ್ಕಳು ಈ ವರ್ಷ ಮುಳಬಾಗಿಲು ಕಡೆಯ ಕೆರೆ ಶಾಸನಗಳನ್ನು ಓದುತ್ತಿದ್ದಾರೆ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟವೇ (1905) ನಮಗೆ ಆಧಾರ. ಕೆರೆ ಕಟ್ಟಿಸಿದ್ದು ಯಾರು, ತೂಬು ಇಡಿಸಿದ್ದು ಯಾರು, ದುರಸ್ತಿಗೆಂದು ಬಿತ್ತುವಟ್ಟ ಎಂಬ ದತ್ತಿ ಜಮೀನು ಬಿಟ್ಟದ್ದು ಎಲ್ಲಿ ಎಂಬುದನ್ನು ಕಲ್ಲಿನಿಂದ ತಿಳಿಯಬಹುದು. ಕೋಡಿ ಯಾವ ಮಟ್ಟದಲ್ಲಿದೆ, ಆ ತೂಬಿನ ನೀರು ಎಷ್ಟು ಅಚ್ಚುಕಟ್ಟಿಗೆ ಸಾಕಾಗುತ್ತಿತ್ತು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅದು ನಿಮ್ಮ ಸಿವಿಲ್ ವಿಭಾಗದ ಕೆಲಸ. ಅದಕ್ಕೇ ಈ ಪತ್ರ.

ಫೆಬ್ರವರಿಯ ಎರಡನೇ ಶನಿವಾರ, ಭಾನುವಾರ ಒಂದೇ ಕೆರೆಯ ಏರಿಯ ಮೇಲೆ ಎರಡೂ ಕಾಲೇಜಿನವರು ಸೇರಿ ಕೆಲಸ ಮಾಡೋಣ. ನಮ್ಮವರು ಶಾಸನ ಓದಿ, ಪುರಾತತ್ವ ಇಲಾಖೆಯ ಒಪ್ಪಿಗೆ ಸಿಕ್ಕರೆ ಪಡಿಯಚ್ಚನ್ನೂ ತೆಗೆಯುತ್ತಾರೆ. ನಿಮ್ಮವರು ಆಟೋ ಲೆವೆಲ್ ಇಟ್ಟು ಏರಿ, ತೂಬು, ಕೋಡಿಯ ಮಟ್ಟ ಹಿಡಿಯಲಿ. ನೀರಗಂಟಿ ಮನೆತನದ ಹಿರಿಯರೊಬ್ಬರು ಬರಲು ಒಪ್ಪಿದ್ದಾರೆ. ಕಾಲುವೆಯ ಜಾಡು ಅವರಿಗೆ ಚೆನ್ನಾಗಿ ಗೊತ್ತು.

ಮೊದಲ ದಿನ ಬೆಳಿಗ್ಗೆ ಪೋರುಮಾಮಿಳ್ಳ ಶಾಸನದ ಬಗ್ಗೆ ಮಾತಾಡಬೇಕು ಅಂತ ನನ್ನ ಆಸೆ. ಕಡಪ ಜಿಲ್ಲೆಯಲ್ಲಿರುವ ಇದು 1369ರದ್ದು. ಕೆರೆ ಕಟ್ಟಿಸಿದವನು ಬುಕ್ಕರಾಯನ ಮಗ ಭಾಸ್ಕರ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳು, ಕೆರೆಯ 6 ದೋಷಗಳು ಅದರಲ್ಲಿವೆ. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಿದ್ದು ಜಮೀನು ಜಾಸ್ತಿಯಿರುವುದು, ನೀರು ಜಾಸ್ತಿಯಿದ್ದು ಜಮೀನು ಕಡಿಮೆಯಿರುವುದು, ಇವೆಲ್ಲ ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವೇ! ಆ ಪಟ್ಟಿ ಹಿಡಿದು ನಮ್ಮ ಕೆರೆಯನ್ನು ನೀವು ಪರೀಕ್ಷಿಸಿದರೆ ಮಕ್ಕಳು ಅದನ್ನು ಮರೆಯುವುದಿಲ್ಲ. ನಾನಂತೂ ಮರೆಯಲಾರೆ.

ನಿಮ್ಮ ವಿದ್ಯಾರ್ಥಿಗಳಿಗೆ ಕಾಲೇಜು ಮೈದಾನದ ಬದಲು ನಿಜವಾದ ಕೆರೆ ಸಿಗುತ್ತದೆ. ಅಂತಿಮ ವರ್ಷದವರ ಪ್ರಾಜೆಕ್ಟಿಗೆ ಅದೇ ಅಳತೆ ಸಾಕು. ಹೂಳೆತ್ತುವ ಮುನ್ನ ಹಳೆಯ ತೂಬಿನ ಮಟ್ಟ ನೋಡಬೇಕು ಎಂದು ನೀವು ಹೇಳುತ್ತಲೇ ಇದ್ದೀರಲ್ಲ, ಅದಕ್ಕೆ ಶಾಸನದ ಬೆಂಬಲವೂ ಸಿಗಬಹುದು. ನಮಗೆ ಸಿಗುವುದು ನಕ್ಷೆ. ಶಾಸನದಲ್ಲಿ ಹೇಳಿದ ಗದ್ದೆಗೆ ಆ ತೂಬಿನಿಂದ ನೀರು ಹತ್ತುತ್ತಿತ್ತೇ ಎಂದು ಮೊದಲ ಸಲ ಪರೀಕ್ಷಿಸಿ ನೋಡಬಹುದು. ಹತ್ತುವುದಿಲ್ಲ ಅಂತ ಬಂದರೂ ಅದನ್ನೇ ಬರೆಯೋಣ.

ಇದರಿಂದ ಒಂದು ಕನ್ನಡ ಲೇಖನ ಇಬ್ಬರೂ ಸೇರಿ ಬರೆಯಬೇಕು. ಶಾಸನದ ಭಾಗ ನನ್ನದು, ಅಳತೆಯ ಭಾಗ ನಿಮ್ಮದು. ತೀರ್ಮಾನದ ಪ್ರತಿ ಸಾಲನ್ನೂ ಇಬ್ಬರೂ ಒಪ್ಪಿದ ಮೇಲೆಯೇ ಕಳಿಸುವುದು. ಹೆಸರು ನಿಮ್ಮದೇ ಮೊದಲಿರಲಿ, ಹೊಸ ಮಾಹಿತಿ ಬರುವುದು ನಿಮ್ಮ ಕಡೆಯಿಂದ. ಅಳತೆಯ ಪ್ರತಿ ಎರಡೂ ಕಾಲೇಜಿನಲ್ಲಿರಲಿ. ಅಳತೆ ತೆಗೆದ ಮಕ್ಕಳ ಹೆಸರು ಲೇಖನದಲ್ಲಿ ಬರಲೇಬೇಕು.

ಬಸ್ಸು, ಊಟ ನಮ್ಮ ಕಾಲೇಜಿನದು. ಉಪಕರಣ ಮತ್ತು ಒಬ್ಬ ಇನ್‌ಸ್ಟ್ರಕ್ಟರ್ ನಿಮ್ಮ ಕಡೆಯಿಂದ ಬೇಕು. ಎರಡೂ ಕಡೆ 15 ವಿದ್ಯಾರ್ಥಿಗಳು ಸಾಕು, ಜಾಸ್ತಿಯಾದರೆ ಏರಿಯ ಮೇಲೆ ಕಷ್ಟ.

ಮುಂದಿನ ಬುಧವಾರ ನಿಮ್ಮ ಕಾಲೇಜಿಗೆ ಬರಲೇ? ಒಪ್ಪಿಗೆಯಾದರೆ ಪುರಾತತ್ವ ಇಲಾಖೆಗೂ ಗ್ರಾಮ ಪಂಚಾಯಿತಿಗೂ ಅರ್ಜಿಯನ್ನು ಅದೇ ದಿನ ಒಟ್ಟಿಗೆ ಬರೆದುಬಿಡೋಣ.

ವಿಶ್ವಾಸದಿಂದ,
ಇತಿಹಾಸ ವಿಭಾಗದ ನಿಮ್ಮ ಸಹೋದ್ಯೋಗಿ